ಕೆನ್ನೆಯ ಮೇಲಿನ ಬಿಳಿ ಮಚ್ಚೆ: ಎಂಟು ವರ್ಷದ ಹುಡುಗಿಯ ಒಂದು ಪ್ರಕರಣ

ಬಯಲುಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ನಾನು ಚರ್ಮರೋಗ ವೈದ್ಯೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಕೆನ್ನೆಯ ಮೇಲೆ ಮಸುಕು ಬಿಳಿ ಮಚ್ಚೆ ಇರುವವರು ತುಂಬಾ ಜನ. ಹೆಚ್ಚಿನವರದು ಒಂದೆರಡು ಭೇಟಿಯಲ್ಲಿ ಮುಗಿಯುವ ಕಥೆ. ಇದೊಂದು ಪ್ರಕರಣ ಮಾತ್ರ ಒಂದು ವರ್ಷ ಎಳೆಯಿತು. ಅದಕ್ಕೆ ಕಾರಣ ಕಾಯಿಲೆಯಲ್ಲ, ಅದಕ್ಕೆ ಹಚ್ಚಿದ ಕ್ರೀಮು. ಆ ಕ್ರೀಮಿನ ಹತ್ತಿರ ಅವರು ಹೋಗುವುದಕ್ಕೆ ನನ್ನದೂ ಪಾಲಿದೆ, ಅದನ್ನೂ ಬರೆಯುತ್ತೇನೆ.

ಗುರುತು ಸಿಗದ ಹಾಗೆ ಮನೆಯವರ ಕೆಲಸ, ಊರು ಇಂಥ ವಿವರ ಬದಲಿಸಿದ್ದೇನೆ. ತಾಯಿಯ ಒಪ್ಪಿಗೆ ಇದೆ. ಹುಡುಗಿಯನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ.

ಮೊದಲ ಭೇಟಿ, ಜನವರಿ ಕೊನೆ

ಪುಟ್ಟಿಗೆ ಎಂಟು ವರ್ಷ, ಮೂರನೇ ಕ್ಲಾಸು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಮನೆಯಲ್ಲಿ ನೋಡಿಕೊಳ್ಳುವುದು ಅಜ್ಜಿ. ಸಂಕ್ರಾಂತಿ ಕಳೆದು ಹತ್ತು ದಿನ ಆಗಿತ್ತು. ನಮ್ಮ ಕಡೆ ಆಗ ಬೆಳಗ್ಗೆ ಚಳಿ, ಹತ್ತು ಗಂಟೆಗೆಲ್ಲ ಒಣಗಾಳಿ. ಎಲ್ಲರ ಕೈಕಾಲೂ ಬಿರಿಯುವ ಕಾಲ.

ಬಲಗೆನ್ನೆಯಲ್ಲಿ ಸುಮಾರು ಮೂರು ಸೆಂಟಿಮೀಟರ್ ಅಗಲದ ಒಂದು ಮಚ್ಚೆ, ಎಡಗೆನ್ನೆಯಲ್ಲಿ ಎರಡು ಸೆಂಟಿಮೀಟರಿನದು, ಗಲ್ಲದ ಮೇಲೆ ಇನ್ನೊಂದು ಚಿಕ್ಕದು. ಬಣ್ಣ ಹಾಲಿನ ಬಿಳಿ ಅಲ್ಲ, ಸುತ್ತಲಿನ ಚರ್ಮಕ್ಕಿಂತ ಒಂದೆರಡು ಮೆಟ್ಟಿಲು ತಿಳಿ, ಅಷ್ಟೇ. ಅಂಚು ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗದು. ಉಗುರಿನಿಂದ ಮೆಲ್ಲಗೆ ಗೀರಿದರೆ ಸಣ್ಣ ಹೊಟ್ಟು ಎದ್ದಿತು, ಜರಡಿ ಹಿಡಿದ ಮೇಲೆ ಮೊರದಲ್ಲಿ ಉಳಿಯುತ್ತದಲ್ಲ, ಆ ಥರದ್ದು. ಈ ಕಾಯಿಲೆಯ ಹೆಸರು ಪಿಟಿರಿಯಾಸಿಸ್ ಆಲ್ಬಾ. ಮೊದಲ ಪದದ ಮೂಲ ಗ್ರೀಕ್ ಭಾಷೆಯಲ್ಲಿ ತೌಡು ಎನ್ನುವ ಮಾತು, ಆಲ್ಬಾ ಅಂದರೆ ಲ್ಯಾಟಿನ್ನಿನಲ್ಲಿ ಬಿಳಿ. ಬಿಳಿ ತೌಡು. ಹೆಸರಿಟ್ಟವರು ಸರಿಯಾಗಿಯೇ ನೋಡಿದ್ದಾರೆ.

ಪುಟ್ಟಿಯ ಮೊಣಕೈ ಮಡಿಕೆಯಲ್ಲಿ ಚರ್ಮ ಒರಟಾಗಿತ್ತು. ಅಮ್ಮನಿಗೆ ಬೆಳಗಾದರೆ ಸೀನು, ಚಿಕ್ಕವರಿದ್ದಾಗ ದಮ್ಮು ಇತ್ತಂತೆ. ಈ ಮಚ್ಚೆ ಇಂಥ ಒಣ ಚರ್ಮದ, ಅಲರ್ಜಿ ಮನೆತನದ ಮಕ್ಕಳಿಗೇ ಜಾಸ್ತಿ. ಇದು ತುಂಬಾ ಸೌಮ್ಯವಾದ ಒಂದು ಇಸುಬು. ಅಂಟುವುದಿಲ್ಲ. ಸುಮಾರು ಮೂರರಿಂದ ಹದಿನಾರು ವರ್ಷದೊಳಗೆ ಬಂದು, ಕೆಲವು ತಿಂಗಳಿಂದ ಒಂದೆರಡು ವರ್ಷದಲ್ಲಿ ಹೋಗುತ್ತದೆ.

ಅಜ್ಜಿ ಕೇಳಿದ್ದು ಒಂದೇ ಮಾತು: “ಡಾಕ್ಟ್ರಮ್ಮ, ಇದು ತೊನ್ನಲ್ಲ ತಾನೇ?”

“ಅಲ್ಲ ಅಜ್ಜಿ, ಏನೂ ಇಲ್ಲ. ತಾನಾಗೇ ಹೋಗುತ್ತೆ” ಅಂದೆ. ಮಾಯಿಶ್ಚರೈಸರ್ ಒಂದನ್ನು ಚೀಟಿಯಲ್ಲಿ ಬರೆದೆ. ಹೊರಗೆ ಜನ ಕಾದಿದ್ದರು. ಒಟ್ಟು ಮೂರು ನಿಮಿಷ ಆಗಿರಬಹುದು.

ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಎಷ್ಟು ದಿನದಲ್ಲಿ ಹೋಗುತ್ತೆ ಅಂತ ಹೇಳಲಿಲ್ಲ. ಮನೆಯಲ್ಲಿ ಮುಖಕ್ಕೆ ಏನು ಹಚ್ಚುತ್ತಾರೆ, ಯಾವುದರಲ್ಲಿ ತೊಳೆಯುತ್ತಾರೆ ಅಂತ ಕೇಳಲಿಲ್ಲ. ತೊನ್ನು ಅಲ್ಲ ಅಂತ ನನಗೆ ಹೇಗೆ ಗೊತ್ತಾಯಿತು ಅನ್ನುವುದನ್ನೂ ಅಜ್ಜಿಗೆ ತೋರಿಸಲಿಲ್ಲ. ತೊನ್ನಿನ ಹೆದರಿಕೆ ಹೊತ್ತುಕೊಂಡು ಬಂದ ಮನೆಗೆ “ಏನೂ ಇಲ್ಲ” ಅನ್ನುವುದು ಉತ್ತರ ಅಲ್ಲ. ಅವರ ಕಣ್ಣಿಗೆ ಏನೋ ಕಾಣುತ್ತಲೇ ಇತ್ತಲ್ವಾ?

ನಡುವೆ ಆದದ್ದು

ಮುಂದಿನ ಎರಡು ತಿಂಗಳ ಕಥೆ ನನಗೆ ಆಮೇಲೆ ತಾಯಿಯ ಬಾಯಲ್ಲಿ ಗೊತ್ತಾಯಿತು.

ಎರಡು ವಾರ ಮಾಯಿಶ್ಚರೈಸರ್ ಹಚ್ಚಿದರು. ಮಚ್ಚೆ ಹಾಗೇ ಇತ್ತು. ಅಜ್ಜಿ ಕೊಳೆ ಕೂತಿದೆ ಅಂದುಕೊಂಡು ದಿನಕ್ಕೆ ಮೂರು ಸಲ ಸೋಪು ಹಾಕಿ, ಸಂಜೆ ಕಡಲೆಹಿಟ್ಟಿನಲ್ಲಿ ತಿಕ್ಕಿ ತೊಳೆಯುತ್ತಿದ್ದರು. ತಿಕ್ಕಿದಷ್ಟೂ ಚರ್ಮ ಒಣಗಿತು, ಒಣಗಿದಷ್ಟೂ ಹೊಟ್ಟು ಎದ್ದಿತು. ಇಡೀ ಮನೆ ಆ ಮಗುವಿನ ಮುಖಕ್ಕಾಗಿ ಶ್ರಮ ಪಡುತ್ತಿತ್ತು, ಆ ಶ್ರಮವೇ ಮಚ್ಚೆಯನ್ನು ಉಳಿಸುತ್ತಿತ್ತು.

ಯಾರೋ ಹೊಟ್ಟೆಹುಳ ಅಂದರು. ಫೆಬ್ರವರಿಯಲ್ಲಿ ಶಾಲೆಯಲ್ಲಿ ಹುಳದ ಮಾತ್ರೆ ಕೊಟ್ಟರು, 400 ಮಿಲಿಗ್ರಾಂ ಅಲ್ಬೆಂಡಜೋಲ್. ಪುಟ್ಟಿ ಅಗಿದು ನುಂಗಿದಳು. ಮಚ್ಚೆ ಹೋಗಲಿಲ್ಲ. ಇನ್ಯಾರೋ ಕ್ಯಾಲ್ಸಿಯಂ ಕಡಿಮೆ ಅಂದರು. ಒಂದು ಬಾಟಲಿ ಸಿರಪ್ ಖಾಲಿಯಾಯಿತು. ಅದರಿಂದಲೂ ಏನೂ ಆಗಲಿಲ್ಲ. ಆಗುವಂಥದ್ದೂ ಅಲ್ಲ. ಹುಳದ ಮಾತ್ರೆ ಮಕ್ಕಳಿಗೆ ಬೇಕು, ಅದು ರಕ್ತ ಕಡಿಮೆಯಾಗದಿರಲಿ ಅಂತ ಕೊಡುವುದು. ಕೆನ್ನೆಯ ಮಚ್ಚೆಗೂ ಹುಳಕ್ಕೂ ಸಂಬಂಧ ಇಲ್ಲ. ಎರಡೂ ಒಂದೇ ವಯಸ್ಸಿನ ಮಕ್ಕಳಲ್ಲಿ ಸಾಮಾನ್ಯ, ಅದಕ್ಕೇ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆ.

ಅದೇ ಹೊತ್ತಿಗೆ ಶಾಲೆಯಲ್ಲಿ ಬಿಸಿಯೂಟಕ್ಕೆ ಕೂರುವಾಗ ಪಕ್ಕದ ಹುಡುಗಿ ಸ್ವಲ್ಪ ಸರಿದು ಕೂತಳಂತೆ. ಪುಟ್ಟಿ ಮನೆಗೆ ಬಂದು ಅತ್ತಳು. ಮಾರನೇ ದಿನವೇ ಅಮ್ಮ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಒಂದು ಟ್ಯೂಬ್ ತಂದರು. ಚೀಟಿ ಯಾರೂ ಕೇಳಲಿಲ್ಲ.

ಆ ಟ್ಯೂಬಿನಲ್ಲಿ ಮೂರು ಔಷಧಿ ಬೆರೆತಿದ್ದವು: ಬ್ಯಾಕ್ಟೀರಿಯಾಕ್ಕೆ ಒಂದು, ಫಂಗಸ್ಸಿಗೆ ಒಂದು, ಮೂರನೆಯದು ಕ್ಲೋಬೆಟಸಾಲ್ ಅನ್ನುವ ಸ್ಟೀರಾಯ್ಡ್. ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಇದು ಅತಿ ತೀಕ್ಷ್ಣವಾದ ಗುಂಪಿಗೆ ಸೇರಿದ್ದು. ಮಕ್ಕಳ ಮುಖಕ್ಕೆ ನಾವು ಅಪರೂಪಕ್ಕೆ ಕೊಡುವ ಹೈಡ್ರೋಕಾರ್ಟಿಸೋನ್‌ಗಿಂತ ನೂರಾರು ಪಟ್ಟು ಬಲ. ಹಿಮ್ಮಡಿಯ, ಅಂಗೈಯ ದಪ್ಪ ಚರ್ಮದ ಹಟಮಾರಿ ಇಸುಬಿಗೆ ಕೆಲವು ವಾರ ಬಳಸಲು ಇರುವ ಮದ್ದು. ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿ ಮಾಡಿದೆ. ಆದರೂ ಕೌಂಟರಿನ ಮೇಲೆ ಸಿಗುತ್ತಲೇ ಇದೆ.

ಮೊದಲ ವಾರ ಎಲ್ಲರಿಗೂ ಖುಷಿಯೋ ಖುಷಿ. ಹೊಟ್ಟು ಮಾಯ, ಕೆನ್ನೆ ನುಣುಪು. ಬಣ್ಣ ಮಾತ್ರ ಬರಲಿಲ್ಲ. ಇನ್ನಷ್ಟು ದಿನ ಹಚ್ಚಿದರೆ ಬರುತ್ತೆ ಅಂತ ದಿನಕ್ಕೆರಡು ಸಲ ಹಚ್ಚಿದರು. ಮೂರನೇ ವಾರಕ್ಕೆ ಮಚ್ಚೆ ದೊಡ್ಡದಾಗಿ ಕಂಡಿತು. ಹಾಗಾಗಿ ಹಚ್ಚುವ ಜಾಗವನ್ನೂ ಅಗಲ ಮಾಡಿದರು. ಐದನೇ ವಾರ ಬಾಯಿಯ ಸುತ್ತ ಸಣ್ಣ ಕೆಂಪು ಗುಳ್ಳೆ. ಹೆದರಿ ನಿಲ್ಲಿಸಿದರು. ಮೂರನೇ ದಿನ ಕೆನ್ನೆ ಕೆಂಪಾಗಿ ಉರಿಯತೊಡಗಿತು. ಮತ್ತೆ ಹಚ್ಚಿದಾಗ ಉರಿ ನಿಂತಿತು. ಆಗ ಅವರಿಗೆ ಅನಿಸಿದ್ದು: ಈ ಮದ್ದು ಇಲ್ಲದಿದ್ದರೆ ಆಗುವುದೇ ಇಲ್ಲ.

ಎರಡನೇ ಭೇಟಿ, ಏಪ್ರಿಲ್ ಮೊದಲ ವಾರ

ಪುಟ್ಟಿ ದುಪಟ್ಟಾದಲ್ಲಿ ಅರ್ಧ ಮುಖ ಮುಚ್ಚಿಕೊಂಡು ಒಳಗೆ ಬಂದಳು. ಅಮ್ಮ ಪ್ಲಾಸ್ಟಿಕ್ ಕವರಿನಿಂದ ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟರು. ಹದಿನೈದು ಗ್ರಾಮಿನ ಎರಡನೇ ಟ್ಯೂಬು, ಬುಡದಿಂದ ಸುರುಳಿ ಸುತ್ತಿ ಹಿಂಡಿದ್ದರು. ಆರು ವಾರ ಹಚ್ಚಿದ್ದರು.

ಕೆನ್ನೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಂಥ ಕೆಂಪು ರಕ್ತನಾಳ. ಕೆನ್ನೆಯ ಪಕ್ಕಕ್ಕೆ ನವಿರಾದ ಕೂದಲು ಹುಟ್ಟಿತ್ತು. ಬಾಯಿಯ ಸುತ್ತ ಗುಳ್ಳೆ, ತುಟಿಯ ಅಂಚಿಗೆ ಮಾತ್ರ ಒಂದು ತೆಳು ಗೆರೆಯಷ್ಟು ಜಾಗ ಬಿಟ್ಟು. ಇವೆಲ್ಲ ಕ್ರೀಮಿನ ಗುರುತುಗಳು, ಕಾಯಿಲೆಯವಲ್ಲ. ಬಿಳಿ ಮಾತ್ರ ಎರಡರದ್ದೂ ಬೆರೆತಿತ್ತು. ಹಳೆಯ ಮಚ್ಚೆಯ ಸುತ್ತ ಕ್ರೀಮು ಹಚ್ಚಿದಷ್ಟು ಜಾಗವೂ ಮಸುಕಾಗಿತ್ತು.

ಸ್ಟೀರಾಯ್ಡ್ ಹೇಗೆ ಬಿಳುಪು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಆಗ ಚರ್ಮ ಬಿಳಿಚಿಕೊಳ್ಳುತ್ತದೆ. ಯಾವ ಸ್ಟೀರಾಯ್ಡ್ ಎಷ್ಟು ಬಲ ಅಂತ ಅಳೆಯುವುದಕ್ಕೇ ಈ ಬಿಳಿಚುವಿಕೆಯನ್ನು ಬಳಸುತ್ತಾರೆ. 1962ರಲ್ಲಿ ಬಂದ ಆ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ: ತೋಳಿಗೆ ಹಚ್ಚಿ, ಎಷ್ಟು ಬಿಳಿಚಿತು ಅಂತ ನೋಡುವುದು. ಅದರ ಜೊತೆಗೆ ವಾರಗಟ್ಟಲೆ ಹಚ್ಚಿದರೆ ಬಣ್ಣ ತಯಾರಿಸುವ ಜೀವಕೋಶಗಳ ಕೆಲಸವೂ ಮಂದವಾಗುತ್ತದೆ. ಬಿಳಿ ಹೋಗಲಿ ಅಂತ ಹಚ್ಚಿದ ಮದ್ದು ಬಿಳಿಯನ್ನೇ ತರುತ್ತಿತ್ತು.

ಈ ಸಲ ನಾನು ಮೊದಲಿನಿಂದ ಶುರು ಮಾಡಿದೆ. ಇಷ್ಟು ಸ್ಟೀರಾಯ್ಡ್ ಹಚ್ಚಿದ ಮುಖ ಮೋಸ ಮಾಡಬಲ್ಲದು. ಹುಳುಕಡ್ಡಿ ಇದ್ದರೂ ಅದರ ಉಂಗುರ, ಕೆಂಪು, ತುರಿಕೆ ಎಲ್ಲ ಅಡಗಿ, ಸುಮ್ನೆ ಮಸುಕು ಮಚ್ಚೆ ಥರ ಕಾಣಬಹುದು. ಅದಕ್ಕೆ ಹೊಟ್ಟನ್ನು ಕೆರೆದು ಗಾಜಿನ ಮೇಲೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಫಂಗಸ್ಸಿನ ಎಳೆ ಇರಲಿಲ್ಲ. ಚಿಬ್ಬಿನಲ್ಲಿ ಕಾಣುವ ಚಿಕ್ಕ ಎಳೆ, ಗುಂಡು ಬೀಜಗಳೂ ಇರಲಿಲ್ಲ.

ನಮ್ಮ ಕಡೆ ಮಸುಕು ಮಚ್ಚೆ ಅಂದರೆ ಕುಷ್ಠವನ್ನು ಮರೆಯುವ ಹಾಗಿಲ್ಲ. ಪುಟ್ಟಿಯ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಮಚ್ಚೆಯ ಮೇಲೆ ಒಮ್ಮೆ, ಪಕ್ಕದ ಚರ್ಮಕ್ಕೆ ಒಮ್ಮೆ ತಾಗಿಸಿದೆ. ತಾಗಿದ ಕಡೆ ಬೆರಳಿಟ್ಟು ತೋರಿಸಬೇಕು, ಅದೇ ಆಟ. ಪ್ರತಿ ಸಲ ಸರಿಯಾಗಿ ತೋರಿಸಿದಳು. ಮುಖದಲ್ಲಿ ಈ ಪರೀಕ್ಷೆಯೊಂದನ್ನೇ ನಂಬಬಾರದು. ಅಲ್ಲಿ ನರಗಳು ದಟ್ಟವಾಗಿರುವುದರಿಂದ ಕುಷ್ಠ ಇದ್ದರೂ ಸ್ಪರ್ಶ ಉಳಿದಿರಬಹುದು. ಅದಕ್ಕೆ ಮೊಣಕೈ ಹಿಂದಿನ ನರ, ಕಿವಿಯ ಕೆಳಗಿನ ನರ ದಪ್ಪ ಇದೆಯಾ ಅಂತ ಮುಟ್ಟಿ ನೋಡಿದೆ. ಇರಲಿಲ್ಲ. ಮೈಯೆಲ್ಲ ನೋಡಿದಾಗ ಎರಡೂ ತೋಳಿನ ಹೊರಬದಿಯಲ್ಲಿ ಅಂಥದ್ದೇ ಮಸುಕು ಹೊಟ್ಟಿನ ಮಚ್ಚೆ ಕಂಡವು. ಅಲ್ಲಿಗೆ ಕ್ರೀಮು ಹಚ್ಚಿರಲಿಲ್ಲ. ಕಾಯಿಲೆಯ ನಿಜರೂಪ ಅಲ್ಲಿ ಕೆಡದೆ ಉಳಿದಿತ್ತು. ಮೊದಲ ದಿನ ತೋಳು ನೋಡಿರಲಿಲ್ಲ.

ಕೊನೆಗೆ ಅಜ್ಜಿಯ ಪ್ರಶ್ನೆ. ಕೋಣೆಯ ಪರದೆ ಎಳೆದು, ದೀಪ ಆರಿಸಿ, ವುಡ್ಸ್ ಲ್ಯಾಂಪ್ ಹಚ್ಚಿದೆ. ಅದು ನೇರಳೆಯಾಚೆಯ ಬೆಳಕು ಬೀರುವ ಚಿಕ್ಕ ದೀಪ. “ಅಜ್ಜಿ, ನೀವೇ ಬಂದು ನೋಡಿ” ಅಂದೆ. ತೊನ್ನಾಗಿದ್ದರೆ ಆ ಬೆಳಕಿನಲ್ಲಿ ಸುಣ್ಣ ಬಳಿದ ಹಾಗೆ ನೀಲಿಬಿಳಿಯಾಗಿ ಹೊಳೆಯುತ್ತದೆ, ಅಂಚು ಕತ್ತರಿಸಿಟ್ಟ ಹಾಗೆ ಕಾಣುತ್ತದೆ. ನನ್ನ ಬಿಳಿ ಕೋಟಿನ ತೋಳನ್ನು ಪಕ್ಕಕ್ಕೆ ಹಿಡಿದೆ. ಕೋಟು ಫಳಫಳ ಹೊಳೆಯಿತು. ಪುಟ್ಟಿಯ ಕೆನ್ನೆಯಲ್ಲಿ ಮಚ್ಚೆ ಎಲ್ಲಿದೆ ಅಂತ ಹುಡುಕಬೇಕಾಯಿತು. ಅಜ್ಜಿ ಬಗ್ಗಿ, ತುಂಬಾ ಹೊತ್ತು ನೋಡಿದರು. ಈ ಪ್ರಕರಣದಲ್ಲಿ ತಿರುವು ಅಂತ ಇದ್ದರೆ ಅದು ಆ ಕತ್ತಲೆ ಕೋಣೆಯ ಎರಡು ನಿಮಿಷ.

ಬಣ್ಣ ಎಲ್ಲಿಗೆ ಹೋಗಿತ್ತು

“ಮತ್ತೆ ಬಣ್ಣ ಬರೋ ಕ್ರೀಮು ಕೊಡಿ ಮೇಡಂ” ಅಂದರು ತಾಯಿ. ಅಂಥ ಕ್ರೀಮು ಯಾಕೆ ಬೇಡ ಅಂತ ಹೇಳಲು ಚರ್ಮದ ಕೆಲಸವನ್ನೇ ಹೇಳಬೇಕಾಯಿತು.

ಚರ್ಮದ ಮೇಲ್ಪದರದ ತಳದಲ್ಲಿ ಬಣ್ಣದ ಜೀವಕೋಶಗಳು ಕೂತಿರುತ್ತವೆ. ಒಂದೊಂದೂ ಸುತ್ತಲಿನ ಮೂವತ್ತಾರರಷ್ಟು ಸಾಮಾನ್ಯ ಜೀವಕೋಶಗಳಿಗೆ ಬಣ್ಣದ ಕಣ ಹಂಚುತ್ತದೆ. ತೊನ್ನಿನಲ್ಲಿ ಈ ಬಣ್ಣದ ಜೀವಕೋಶಗಳೇ ನಾಶವಾಗುತ್ತವೆ. ಪಿಟಿರಿಯಾಸಿಸ್ ಆಲ್ಬಾದಲ್ಲಿ ಅವು ಇರುತ್ತವೆ. ಚರ್ಮದಲ್ಲಿ ಸಣ್ಣದೊಂದು ಉರಿಯೂತ ಇರುವುದರಿಂದ ಬಣ್ಣದ ತಯಾರಿಯೂ ಹಂಚಿಕೆಯೂ ನಿಧಾನವಾಗಿರುತ್ತದೆ, ಅಷ್ಟೇ.

ಅಜ್ಜಿಗೆ ಹೊಲದ ಮಾತಲ್ಲಿ ಹೇಳಿದೆ. “ಬೀಜ ಸತ್ತಿಲ್ಲ ಅಜ್ಜಿ, ಮೇಲುಮಣ್ಣು ಹೆಪ್ಪುಗಟ್ಟಿದೆ. ಮಣ್ಣು ಮೆತ್ತಗಾದರೆ ಮೊಳಕೆ ತಾನೇ ಬರುತ್ತೆ. ಕಡಲೆಹಿಟ್ಟಲ್ಲಿ ತಿಕ್ಕೋದು ಅಂದ್ರೆ ಹೆಪ್ಪುಗಟ್ಟಿದ ಮಣ್ಣನ್ನ ತುಳಿದ ಹಾಗೆ.”

ಚರ್ಮದ ಮೇಲ್ಪದರ ಪೂರ್ತಿ ಬದಲಾಗಲು ಒಂದು ತಿಂಗಳ ಮೇಲೆ ಬೇಕು. ಉರಿಯೂತ ತಣಿದ ಮೇಲೆ ಹುಟ್ಟುವ ಹೊಸ ಜೀವಕೋಶಗಳಿಗೆ ಬಣ್ಣ ಸಿಕ್ಕಿ, ಅವು ಮೇಲೆ ಬಂದು, ಹೀಗೆ ಹಲವು ಸುತ್ತು ಆದ ಮೇಲೆ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ. ಹೊಟ್ಟು ವಾರಗಳಲ್ಲಿ ಹೋಗುತ್ತದೆ, ಬಣ್ಣ ತಿಂಗಳುಗಳಲ್ಲಿ ಬರುತ್ತದೆ. ಯಾವ ಕ್ರೀಮೂ ಈ ಲೆಕ್ಕವನ್ನು ಹದಿನೈದು ದಿನಕ್ಕೆ ಇಳಿಸುವುದಿಲ್ಲ. ತೀಕ್ಷ್ಣ ಸ್ಟೀರಾಯ್ಡ್ ಉರಿಯೂತವನ್ನು ತಟ್ಟನೆ ಅಡಗಿಸುತ್ತದೆ ನಿಜ, ಅದಕ್ಕೇ ಮೊದಲ ವಾರದ ನುಣುಪು. ಆದರೆ ಅಷ್ಟು ಸಣ್ಣ ಉರಿಯೂತಕ್ಕೆ ಅಷ್ಟು ಬಲ ಬೇಕಿರಲಿಲ್ಲ, ಉಳಿದ ಬಲವೆಲ್ಲ ಆರೋಗ್ಯವಾಗಿದ್ದ ಚರ್ಮದ ಮೇಲೆ ಬಿತ್ತು.

ನಿಲ್ಲಿಸುವ ದಾರಿ

ನನ್ನ ಮುಂದಿದ್ದ ಮೊದಲ ಕೆಲಸ ಮಚ್ಚೆಯದಲ್ಲ, ಕ್ಲೋಬೆಟಸಾಲ್ ಬಿಡಿಸುವುದು. ಒಮ್ಮೆಲೇ ನಿಲ್ಲಿಸಿ ತಣ್ಣೀರು ಬಟ್ಟೆ ಇಡುವುದು ಒಂದು ದಾರಿ. ಹಾಗೆ ಮಾಡಿದರೆ ಕೆಂಪು, ಉರಿ ಜೋರಾಗಿ ಏಳುತ್ತದೆ. ಈ ಮನೆಯವರು ಒಮ್ಮೆ ಅದನ್ನು ಕಂಡು ಮತ್ತೆ ಟ್ಯೂಬ್ ಹಿಡಿದಿದ್ದರು. ಅದಕ್ಕೆ ಮೆಟ್ಟಿಲಿಳಿಸುವ ದಾರಿ ಆರಿಸಿಕೊಂಡೆ. ಟ್ಯೂಬನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಅದರ ಬದಲು ಶೇಕಡ 1ರ ಹೈಡ್ರೋಕಾರ್ಟಿಸೋನ್, ಕೆನ್ನೆಗೆ ಮಾತ್ರ, ರಾತ್ರಿ ಒಂದು ಸಲ, ಏಳು ದಿನ. ಆಮೇಲಿನ ಏಳು ದಿನ, ದಿನ ಬಿಟ್ಟು ದಿನ. ಆಮೇಲೆ ಪೂರ್ತಿ ಬಂದ್. ಇದು ಈ ಮಗುವಿನ ಮುಖ ನೋಡಿ ಮಾಡಿದ ಲೆಕ್ಕ. ಇದನ್ನು ಓದಿ ಯಾರೂ ತಾವೇ ಮಾಡಬಾರದು.

ಬಾಯಿಯ ಸುತ್ತ ಗುಳ್ಳೆ ಇದ್ದ ಕಡೆ ಏನೂ ಹಚ್ಚದಿರಿ ಅಂದೆ, ಬರೀ ನೀರು. ಅಲ್ಲಿಗೆ ಜಿಡ್ಡಿನದ್ದು ಹಚ್ಚಿದರೆ ಗುಳ್ಳೆ ಹಟ ಮಾಡುತ್ತವೆ. ಕೆನ್ನೆಗೆ ವಾಸನೆ ಇಲ್ಲದ ತೆಳು ಮಾಯಿಶ್ಚರೈಸರ್, ಮುಖ ತೊಳೆದು ಒತ್ತಿ ಒರೆಸಿದ ಮೂರು ನಿಮಿಷದೊಳಗೆ, ಚರ್ಮ ಇನ್ನೂ ಹಸಿ ಇರುವಾಗ. ಸೋಪು ದಿನಕ್ಕೆ ಒಂದೇ ಸಲ, ಸ್ನಾನದಲ್ಲಿ. ಕಡಲೆಹಿಟ್ಟು ಅಡುಗೆಗೆ ಮಾತ್ರ. ನೀರು ಉಗುರುಬೆಚ್ಚಗೆ.

ಇಷ್ಟರ ಕೆಳಗೆ ಚೀಟಿಯಲ್ಲಿ ಕನ್ನಡದಲ್ಲಿ ಹೀಗೆ ಬರೆದೆ: “ಮೂರರಿಂದ ಐದನೇ ದಿನ ಕೆನ್ನೆ ಕೆಂಪಾಗಬಹುದು, ಉರಿ ಅನ್ನಬಹುದು. ಇದು ಕಾಯಿಲೆ ಜಾಸ್ತಿ ಆಗಿದ್ದಲ್ಲ, ಕ್ರೀಮು ಬಿಟ್ಟಿದ್ದಕ್ಕೆ. ತಣ್ಣೀರು ಬಟ್ಟೆ ಹತ್ತು ನಿಮಿಷ ಇಡಿ. ಹಳೆಯ ಕ್ರೀಮು ಹಚ್ಚಬೇಡಿ. ನನಗೆ ಫೋನ್ ಮಾಡಿ.” ಅದರ ಕೆಳಗೆ ಇನ್ನೊಂದು ಸಾಲು: “ಹೊಟ್ಟು ಹೋಗುವುದು ಜೂನ್. ಬಣ್ಣ ಬರುವುದು ದೀಪಾವಳಿ ಹೊತ್ತಿಗೆ.”

ನಾಲ್ಕನೇ ದಿನ ಸಂಜೆ ಫೋನ್ ಬಂತು. ಕೆನ್ನೆ ಕೆಂಪಾಗಿದೆ ಅಂದರು ತಾಯಿ. ಧ್ವನಿಯಲ್ಲಿ ಗಾಬರಿ ಇರಲಿಲ್ಲ. “ನೀವು ಬರೆದ ಹಾಗೇ ಆಗಿದೆ ಮೇಡಂ” ಅಂದರು. ಮೊದಲೇ ಹೇಳಿಟ್ಟ ತೊಂದರೆ ಬಂದಾಗ ನಂಬಿಕೆ ಮುರಿಯಲಿಲ್ಲ, ಇನ್ನೂ ಬಲವಾಯಿತು. ಎರಡು ವಾರದಲ್ಲಿ ಸ್ಟೀರಾಯ್ಡ್ ಪೂರ್ತಿ ನಿಂತಿತು. ಗುಳ್ಳೆಗಳು ಆರಲು ಮೇ ಮಧ್ಯದ ತನಕ ಹಿಡಿಯಿತು. ಆಮೇಲೆ ರಾತ್ರಿ ಹೊತ್ತು ಕೆನ್ನೆಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಶುರು ಮಾಡಿಸಿದೆ.

ಮೇ ಕೊನೆಯ ಗಾಬರಿ

ಎಲ್ಲ ಸರಿ ಹೋಗುತ್ತಿದೆ ಅನ್ನುವಾಗ ತಾಯಿ ಮತ್ತೆ ಬಂದರು. “ಮೊದಲಿಗಿಂತ ಜಾಸ್ತಿ ಬಿಳಿ ಆಗಿದೆ.” ಬೇಸಿಗೆ ರಜೆ, ಮಾವನ ಊರಿನ ಜಾತ್ರೆ, ಮಗು ಹತ್ತು ದಿನ ಬಿಸಿಲಲ್ಲಿ ಆಡಿದ್ದಾಳೆ. ನೋಡಿದರೆ ನಿಜಕ್ಕೂ ಎದ್ದು ಕಾಣುತ್ತಿತ್ತು. ಒಂದು ಕ್ಷಣ ನನಗೂ ಅಳುಕಾಯಿತು.

ಏಪ್ರಿಲಿನಲ್ಲಿ ನಾನು ಒಂದು ಕೆಲಸ ಮಾಡಿಟ್ಟಿದ್ದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕೆನ್ನೆಯ ಮೇಲಿಟ್ಟು, ಕಿವಿಯ ಹಾಲೆ ಮತ್ತು ತುಟಿಯ ಮೂಲೆಯನ್ನು ಗುರುತು ಮಾಡಿಕೊಂಡು, ಮಚ್ಚೆಯ ಅಂಚನ್ನು ಮಾರ್ಕರ್ ಪೆನ್ನಿನಲ್ಲಿ ಎಳೆದಿದ್ದೆ. ಅದನ್ನು ಫೈಲಿನಿಂದ ತೆಗೆದು ಮತ್ತೆ ಇಟ್ಟೆ. ಬಲಗೆನ್ನೆಯ ಗೆರೆಯ ಒಳಗೆ ಈಗ ಸುತ್ತಲೂ ಅಕ್ಕಿಕಾಳಿನಷ್ಟು ಜಾಗ ಉಳಿಯಿತು. ಮಚ್ಚೆ ಕುಗ್ಗಿತ್ತು. ಹೆಚ್ಚಾಗಿದ್ದದ್ದು ಸುತ್ತಲಿನ ಚರ್ಮದ ಕಪ್ಪು. ಬಿಸಿಲಿಗೆ ಒಳ್ಳೆಯ ಚರ್ಮ ಬೇಗ ಕಪ್ಪಾಗುತ್ತದೆ, ಮಚ್ಚೆ ಹಿಂದೆ ಬೀಳುತ್ತದೆ. ಎರಡರ ನಡುವಿನ ಅಂತರ ಕಣ್ಣಿಗೆ ಹೊಡೆಯುತ್ತದೆ. ಬಹಳ ಮನೆಗಳಲ್ಲಿ ಮಚ್ಚೆ ಬೇಸಿಗೆಯಲ್ಲೇ ಮೊದಲು ಕಣ್ಣಿಗೆ ಬೀಳುವುದು ಇದಕ್ಕೇ.

ಅಜ್ಜಿ ಒಳ್ಳೆಯ ಪ್ರಶ್ನೆ ಕೇಳಿದ್ದರು: ಬಿಸಿಲಿಗೆ ಕಪ್ಪಾಗುತ್ತೆ ಅಂದಮೇಲೆ ಮಗೂನ ಬಿಸಿಲಲ್ಲೇ ಕೂರಿಸಿದರೆ ಮಚ್ಚೆಯೂ ಕಪ್ಪಾಗಲ್ವಾ? ಇದಕ್ಕೆ ಉತ್ತರ ಆ ಪ್ಲಾಸ್ಟಿಕ್ ಹಾಳೆಯಲ್ಲೇ ಇತ್ತು. ಹೊತ್ತು ನೆತ್ತಿಗೇರಿದಾಗ ಅಗಲ ಅಂಚಿನ ಟೋಪಿ, ನೆರಳಲ್ಲಿ ಆಟ, ಅಷ್ಟೇ ಸಾಕು ಅಂದೆ. ಸನ್‌ಸ್ಕ್ರೀನ್ ಹಚ್ಚಿದರೆ ಒಳ್ಳೆಯದೇ, ಆದರೆ ಈ ಮನೆಗೆ ತಿಂಗಳು ತಿಂಗಳು ಅದರ ಖರ್ಚು ಹೊರೆ. ಟೋಪಿಯೇ ನಡೆಯುತ್ತದೆ.

ಇನ್ನೊಂದು ವಿಷಯ ಅದೇ ದಿನ ಗೊತ್ತಾಯಿತು. ತಾಯಿ ವಾರಕ್ಕೊಂದು ಫೋಟೋ ತೆಗೆದು ಹೋಲಿಸುತ್ತಿದ್ದರು. ಒಂದು ವಾರ ಮಚ್ಚೆ ಇಲ್ಲವೇ ಇಲ್ಲ, ಮುಂದಿನ ವಾರ ದೊಡ್ಡದು. ಫೋನಿನಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಮಾಡುವ ಬ್ಯೂಟಿ ಮೋಡ್ ಒಮ್ಮೊಮ್ಮೆ ಆನ್ ಇರುತ್ತಿತ್ತು. ಅದನ್ನು ಆಫ್ ಮಾಡಿ, ತಿಂಗಳಿಗೊಂದೇ ಫೋಟೋ, ಬೆಳಗ್ಗೆ ಹತ್ತು ಗಂಟೆಗೆ, ಅಡುಗೆಮನೆಯ ಅದೇ ಕಿಟಕಿಯ ಹತ್ತಿರ ತೆಗೆಯಿರಿ ಅಂದೆ. ವಾರ ವಾರ ನೋಡಿದರೆ ತಿಂಗಳ ಲೆಕ್ಕದ ಕಾಯಿಲೆಯಲ್ಲಿ ಬರೀ ಆತಂಕವೇ ಸಿಗುತ್ತದೆ.

ಆಮೇಲೆ

ಜೂನ್ ಮಳೆಯ ತೇವಕ್ಕೆ ಹೊಟ್ಟು ಪೂರ್ತಿ ನಿಂತಿತು. ಆಗಸ್ಟ್ ಫೋಟೋದಲ್ಲಿ ಎಡಗೆನ್ನೆಯ ಮಚ್ಚೆ ಸುತ್ತಲಿನ ಚರ್ಮದ ಜೊತೆ ಬೆರೆಯತೊಡಗಿತ್ತು. ಕೆಂಪು ರಕ್ತನಾಳ ಮಾಸಿತು, ಕೆನ್ನೆಯ ಕೂದಲು ನಿಧಾನವಾಗಿ ಉದುರಿತು. ಕ್ರೀಮಿನಿಂದಾದ ಬಿಳುಪು ಕಾಯಿಲೆಯ ಬಿಳುಪಿಗಿಂತ ಸ್ವಲ್ಪ ತಡವಾಗಿ ಹೋಯಿತು. ನವೆಂಬರಿನಲ್ಲಿ ಬಂದಾಗ ಗೊತ್ತಿದ್ದವರು ಮಾತ್ರ ಬಲಗೆನ್ನೆಯ ನೆರಳನ್ನು ಗುರುತಿಸಬಹುದಿತ್ತು. ಪ್ಲಾಸ್ಟಿಕ್ ಹಾಳೆ ಇಟ್ಟರೆ ಎಳೆಯಲು ಅಂಚೇ ಇರಲಿಲ್ಲ. ಚರ್ಮ ಶಾಶ್ವತವಾಗಿ ತೆಳುವಾಗುವ ಮೊದಲು ಕ್ರೀಮು ನಿಂತಿತು, ಅದು ಪುಟ್ಟಿಯ ಅದೃಷ್ಟ. ಆರು ವಾರದ ಬದಲು ಆರು ತಿಂಗಳು ಹಚ್ಚಿದ್ದರೆ ನಾನು ಇದನ್ನು ಬರೆಯಲು ಆಗುತ್ತಿರಲಿಲ್ಲ. ಅಂಥ ಮುಖಗಳನ್ನೂ ನೋಡಿದ್ದೇನೆ.

ಈ ಪ್ರಕರಣದ ನಂತರ ನನ್ನ ಮೊದಲ ಭೇಟಿ ಬದಲಾಗಿದೆ. ಮಚ್ಚೆ ಇರುವ ಮಗುವಿನ ತೋಳು ನೋಡದೆ ಕಳಿಸುವುದಿಲ್ಲ. ಮುಖಕ್ಕೆ ಈಗಾಗಲೇ ಏನು ಹಚ್ಚಿದ್ದೀರಿ, ಟ್ಯೂಬ್ ತಂದು ತೋರಿಸಿ ಅನ್ನುತ್ತೇನೆ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಾಸೋನ್ ಈ ಮೂರು ಹೆಸರನ್ನು ಚೀಟಿಯ ಹಿಂದೆ ಬರೆದು, ಕೇಳದೆ ಇವನ್ನು ಮಗುವಿನ ಮುಖಕ್ಕೆ ಹಚ್ಚಬೇಡಿ ಅಂತ ಹೇಳುತ್ತೇನೆ. “ತಾನಾಗೇ ಹೋಗುತ್ತೆ” ಅನ್ನುವ ಮಾತಿಗೆ ಈಗ ತಿಂಗಳ ಹೆಸರು ಸೇರಿಸುತ್ತೇನೆ.

ಕಾಯಬಾರದ ಮಚ್ಚೆಯೂ ಇದೆ, ಅದನ್ನೂ ಅದೇ ಉಸಿರಿನಲ್ಲಿ ಹೇಳುತ್ತೇನೆ. ಹಾಲಿನಷ್ಟು ಬಿಳಿ, ಅಂಚು ಖಚಿತ, ಹೊಟ್ಟು ಇಲ್ಲ, ಒಳಗಿನ ಕೂದಲೂ ಬಿಳಿ, ಇಲ್ಲವೇ ಕಣ್ಣು, ತುಟಿ, ಬೆರಳ ತುದಿಯಲ್ಲಿ ಶುರುವಾಗಿದ್ದರೆ ಅದು ತೊನ್ನು ಇರಬಹುದು. ಬೇಗ ಬಂದಷ್ಟೂ ಚಿಕಿತ್ಸೆ ಸುಲಭ. ಮಚ್ಚೆಯಲ್ಲಿ ಸ್ಪರ್ಶ ಮಂದವಾಗಿದ್ದರೆ, ಕೂದಲು, ಬೆವರು ನಿಂತಿದ್ದರೆ ಕುಷ್ಠಕ್ಕೆ ಪರೀಕ್ಷೆ ಮಾಡಿಸಲೇಬೇಕು. ಅದರ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಉಂಗುರದ ಹಾಗೆ ಅಂಚು ಉಬ್ಬಿ ತುರಿಸಿದರೆ ಹುಳುಕಡ್ಡಿ. ಇವು ಯಾವುದೂ ಅಲ್ಲದ, ಅಂಚು ಕರಗಿದ, ತೌಡಿನಂಥ ಹೊಟ್ಟಿರುವ, ಆಡುವ ಮಗುವಿನ ಕೆನ್ನೆಯ ಮಸುಕಿಗೆ ಮಾತ್ರ ಕಾಯುವ ಮದ್ದು.

ಮುಂದಿನ ಜನವರಿಯಲ್ಲಿ ಪುಟ್ಟಿ ಬೇರೆ ಕೆಲಸಕ್ಕೆ ಬಂದಿದ್ದಳು, ಕಾಲಿಗೆ ಮುಳ್ಳು ಚುಚ್ಚಿತ್ತು. ಗಲ್ಲದ ಮೇಲೆ ಹುಣಸೆಬೀಜದಷ್ಟು ಹೊಸ ಮಸುಕು ಕಂಡಿತು, ಮೇಲೆ ಸಣ್ಣ ಹೊಟ್ಟು. ಇದು ಹೀಗೆ ಒಣಗಾಲಕ್ಕೆ ಮರಳುವುದುಂಟು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಸೊಂಟದ ಚೀಲದಿಂದ ಪೆಟ್ರೋಲಿಯಂ ಜೆಲ್ಲಿಯ ಪುಟ್ಟ ಡಬ್ಬಿ ತೆಗೆದು ತೋರಿಸಿದರು.

“ಡಿಸೆಂಬರಿಂದಾನೇ ಹಚ್ತಿದೀನಿ ಡಾಕ್ಟ್ರಮ್ಮ. ಇದಕ್ಕೆ ಚೀಟಿ ಬೇಡ. ಮುಳ್ಳು ತೆಗೀರಿ.”